ಪಾತ್ರ ನೆಲಕ್ಕೆ ಕಚ್ಚಿ ನಿಲ್ಲಬೇಕಾದರೆ: 2ಡಿ ನೆರಳುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೆಳಗಿನ ಹೆಚ್ಚಿನ ಉತ್ತರಗಳಿಗೆ ಒಂದೇ ದೃಶ್ಯವನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ. ಫ್ರೇಮ್ ಅಳತೆ 1920×1080. ಮನೆಯ ಮುಂದಿನ ವರಾಂಡ, ನೆಲಕ್ಕೆ 2 ಅಡಿಯ, ಅಂದರೆ 60 ಸೆಂ.ಮೀ. ಚೌಕದ ತಿಳಿಬಣ್ಣದ ಟೈಲ್ಸ್. ಅಲ್ಲಿ 150 ಸೆಂ.ಮೀ. ಎತ್ತರದ ಹುಡುಗಿ ನಮ್ಮ ಕಡೆ ಮುಖ ಮಾಡಿ ನಿಂತಿದ್ದಾಳೆ. ಪರದೆಯ ಮೇಲೆ ಅವಳ ಎತ್ತರ 600 ಪಿಕ್ಸೆಲ್, ಪಾದ ಇರುವುದು ಮೇಲಿನಿಂದ 900ನೇ ಪಿಕ್ಸೆಲ್‌ನಲ್ಲಿ, ದಿಗಂತ ರೇಖೆ 420ರಲ್ಲಿ. ಬಿಸಿಲು ಎಡಗಡೆಯಿಂದ, ಸ್ವಲ್ಪ ನಮ್ಮ ಬೆನ್ನ ಹಿಂದಿನಿಂದ ಬರುತ್ತಿದೆ.

ಕಾಂಟ್ಯಾಕ್ಟ್ ನೆರಳು, ಕಾಸ್ಟ್ ನೆರಳು ಎರಡೂ ಬೇಕೇ? ಒಂದು ಸಾಲದೇ?

ಎರಡರ ಕೆಲಸ ಬೇರೆ ಬೇರೆ. ಪಾದ ಮತ್ತು ನೆಲದ ನಡುವಿನ ಸಂದಿಗೆ ಯಾವ ಕಡೆಯಿಂದಲೂ ಬೆಳಕು ಸರಿಯಾಗಿ ನುಗ್ಗಲಾರದು. ಅಲ್ಲಿ ಉಳಿಯುವ ಕತ್ತಲೆಯೇ ಕಾಂಟ್ಯಾಕ್ಟ್ ನೆರಳು. ಅದು ಸೂರ್ಯನ ದಿಕ್ಕನ್ನು ಕೇಳುವುದಿಲ್ಲ, ಮೋಡ ಕವಿದ ದಿನವೂ ಇರುತ್ತದೆ. ಕಾಸ್ಟ್ ನೆರಳು ಒಂದು ನಿರ್ದಿಷ್ಟ ಬೆಳಕನ್ನು ದೇಹ ತಡೆದಾಗ ನೆಲದ ಮೇಲೆ ಚಾಚಿ ಬೀಳುವಂಥದ್ದು. ಬೆಳಕು ಎಲ್ಲಿಂದ, ಎಷ್ಟು ಎತ್ತರದಿಂದ ಬರುತ್ತಿದೆ ಎಂಬುದನ್ನು ಅದು ಹೇಳುತ್ತದೆ.

ಪಾತ್ರ ತೇಲುತ್ತಿದೆಯೋ ನಿಂತಿದೆಯೋ ಎಂಬುದನ್ನು ಕಣ್ಣು ಮೊದಲು ತೀರ್ಮಾನಿಸುವುದು ಕಾಂಟ್ಯಾಕ್ಟ್ ನೆರಳಿನಿಂದ. ಸಮಯ ಕಡಿಮೆ ಇದ್ದು ಒಂದನ್ನೇ ಮಾಡಬೇಕೆಂದರೆ ಅದನ್ನು ಮಾಡಿ. ಕಾಸ್ಟ್ ನೆರಳು ಎಷ್ಟು ಚೆನ್ನಾಗಿದ್ದರೂ ಅಂಗಾಲಿನ ಕೆಳಗೆ ಬೆಳಕಿನ ಒಂದು ಎಳೆ ಉಳಿದುಬಿಟ್ಟರೆ ಪಾತ್ರ ಎರಡು ಇಂಚು ಮೇಲೆ ನಿಂತಂತೆಯೇ ಕಾಣುತ್ತದೆ.

Drop Shadow ಎಫೆಕ್ಟ್ ಹಾಕಿದೆ. ಪಾತ್ರ ಗೋಡೆಗೆ ಅಂಟಿಸಿದ ಸ್ಟಿಕ್ಕರ್ ತರಹ ಕಾಣುತ್ತಿದೆ. ಏಕೆ?

ಆ ಎಫೆಕ್ಟ್ ಪಾತ್ರದ ಆಕೃತಿಯನ್ನು ನಕಲು ಮಾಡಿ ಪಕ್ಕಕ್ಕೆ ಸರಿಸುತ್ತದೆ, ಅಷ್ಟೇ. ನೆರಳು ನೆಟ್ಟಗೆ ನಿಂತೇ ಇರುತ್ತದೆ, ಮಲಗುವುದಿಲ್ಲ. ನೆಟ್ಟಗೆ ನಿಂತ ನೆರಳು ಬೀಳುವುದು ಗೋಡೆಯ ಮೇಲೆ ಮಾತ್ರ. ಹಾಗಾಗಿ ಪಾತ್ರದ ಬೆನ್ನಿಗೇ ಒಂದು ಗೋಡೆ ಇದೆ ಎಂದು ಕಣ್ಣು ಓದಿಕೊಳ್ಳುತ್ತದೆ. ಆಫ್‌ಸೆಟ್, ಮಸುಕು ಏನನ್ನು ಬದಲಿಸಿದರೂ ಇದು ಸರಿಹೋಗುವುದಿಲ್ಲ.

ಕಾಂಟ್ಯಾಕ್ಟ್ ನೆರಳಿನ ಅಳತೆ ಎಷ್ಟಿರಬೇಕು?

ಅದನ್ನು ಎರಡು ಪದರಗಳಲ್ಲಿ ಮಾಡುವುದು ಒಳ್ಳೆಯದು. ಮೊದಲನೆಯದು ಅಂಗಾಲು ನೆಲಕ್ಕೆ ತಾಗುವ ಗೆರೆ. ನಮ್ಮ 600 ಪಿಕ್ಸೆಲ್ ಹುಡುಗಿಗೆ 3ರಿಂದ 5 ಪಿಕ್ಸೆಲ್ ದಪ್ಪ, 1–2 ಪಿಕ್ಸೆಲ್ ಮಸುಕು, ಸುಮಾರು 70% ಸಾಂದ್ರತೆ. ಅದು ಪಾದದ ಅಂಚನ್ನೇ ಅನುಸರಿಸಬೇಕು. ಹಿಮ್ಮಡಿ ಎತ್ತಿದ್ದರೆ ಬೆರಳುಗಳ ಕೆಳಗೆ ಮಾತ್ರ ಇರಬೇಕು. ಎರಡನೆಯದು ಅದರ ಸುತ್ತಲಿನ ಮೆದುವಾದ ಕಲೆ. ಪಾದದ ಅಗಲ 40 ಪಿಕ್ಸೆಲ್ ಇದ್ದರೆ ಇದು 56 ಪಿಕ್ಸೆಲ್ ಅಗಲ, 14 ಪಿಕ್ಸೆಲ್ ಎತ್ತರದ ಅಂಡಾಕಾರ; ಮಸುಕು 8–10 ಪಿಕ್ಸೆಲ್, ಸಾಂದ್ರತೆ 35%.

ಎತ್ತರ ಅಗಲದ ಕಾಲು ಭಾಗವೇ ಏಕೆ? ನಮ್ಮ ದೃಶ್ಯದಲ್ಲಿ ಪಾದದ ಬಳಿ ನೆಲ ಅಷ್ಟು ಮಡಚಿಕೊಂಡು ಕಾಣುತ್ತದೆ. ಅಲ್ಲಿನ ಒಂದು ಟೈಲ್ಸ್ ಅಳೆದು ನೋಡಿ: ಅಗಲ 240 ಪಿಕ್ಸೆಲ್, ಎತ್ತರ 60ರ ಆಸುಪಾಸು. ನೆಲದ ಮೇಲಿರುವುದೆಲ್ಲ ಇದೇ ಪ್ರಮಾಣದಲ್ಲಿ ಚಪ್ಪಟೆಯಾಗಬೇಕು. ಕ್ಯಾಮೆರಾ ಮೇಲಕ್ಕೆ ಹೋದಷ್ಟೂ ಅಂಡ ದುಂಡಗಾಗುತ್ತದೆ. ಮೇಲಿನಿಂದ ನೋಡುವ ಶಾಟ್‌ನಲ್ಲಿ ತೆಳ್ಳಗಿನ ಅಂಡವನ್ನೇ ಉಳಿಸಿಕೊಂಡರೆ ಪಾದದ ಕೆಳಗೆ ಕಪ್ಪು ಪಟ್ಟಿ ಬಿಗಿದಂತೆ ಕಾಣುತ್ತದೆ.

ಎರಡು ಪಾದಗಳಿಗೂ ಸೇರಿಸಿ ಒಂದೇ ದೊಡ್ಡ ಅಂಡ ಎಳೆಯುವವರಿದ್ದಾರೆ. ದೂರದ ಶಾಟ್‌ಗಳಲ್ಲಿ ಅದು ನಡೆಯುತ್ತದೆ. ಪಾದ ಸ್ಪಷ್ಟವಾಗಿ ಕಾಣುವ ಶಾಟ್‌ನಲ್ಲಿ ನಡೆಯುವುದಿಲ್ಲ, ಏಕೆಂದರೆ ಕಾಲುಗಳ ನಡುವಿನ ಖಾಲಿ ನೆಲಕ್ಕೆ ಕಾರಣವಿಲ್ಲದೆ ಕತ್ತಲೆ ಬರುತ್ತದೆ.

ಕಾಸ್ಟ್ ನೆರಳು ಎಷ್ಟು ಉದ್ದ, ಯಾವ ದಿಕ್ಕಿಗೆ ಎಂದು ನಿರ್ಧರಿಸುವುದು ಹೇಗೆ?

ಇಲ್ಲಿ ಹೆಚ್ಚಿನವರು ಎಡವುವುದಕ್ಕೆ ಕಾರಣ ಒಂದೇ: ನೆರಳನ್ನು ಪಾತ್ರದ ಭಾಗ ಎಂದುಕೊಂಡು ಪರದೆಯ ಮೇಲೆ ಅಳೆಯುತ್ತಾರೆ. ನೆರಳು ನೆಲದ ಭಾಗ. ಅದನ್ನು ಅಳೆಯಬೇಕಾದ್ದು ನೆಲದ ಮೇಲೆ.

ಸೂರ್ಯ 45 ಡಿಗ್ರಿ ಎತ್ತರದಲ್ಲಿದ್ದರೆ ನೆರಳಿನ ಉದ್ದ ವ್ಯಕ್ತಿಯ ಎತ್ತರದಷ್ಟೇ. 30 ಡಿಗ್ರಿಗೆ ಇಳಿದರೆ 1.73 ಪಟ್ಟು, 60ಕ್ಕೆ ಏರಿದರೆ 0.58 ಪಟ್ಟು. ನಮ್ಮ ದೃಶ್ಯದಲ್ಲಿ 45 ಡಿಗ್ರಿ ಎಂದಿಟ್ಟುಕೊಳ್ಳೋಣ. ನೆರಳು 150 ಸೆಂ.ಮೀ. ದಿಕ್ಕು ಬಲಕ್ಕೂ ಹಿಂದಕ್ಕೂ ಸಮವಾಗಿ ಓರೆಯಾಗಿದ್ದರೆ, ನೆತ್ತಿಯ ನೆರಳು ಪಾದದಿಂದ 106 ಸೆಂ.ಮೀ. ಬಲಕ್ಕೆ, 106 ಸೆಂ.ಮೀ. ಹಿಂದಕ್ಕೆ ಬೀಳುತ್ತದೆ. 60 ಸೆಂ.ಮೀ. ಟೈಲ್ಸ್ ಲೆಕ್ಕದಲ್ಲಿ ಅದು ಎರಡೂ ಕಡೆಗೆ ಒಂದೂಮುಕ್ಕಾಲು ಟೈಲ್ಸ್. ಪಾದದಿಂದ ಬಲಕ್ಕೆ ಒಂದೂಮುಕ್ಕಾಲು ಎಣಿಸಿ, ಅಲ್ಲಿಂದ ಒಳಕ್ಕೆ ಹೋಗುವ ಟೈಲ್ಸ್ ಗೆರೆಯ ಜೊತೆ ಒಂದೂಮುಕ್ಕಾಲು ಎಣಿಸಿ, ಚುಕ್ಕಿ ಇಡಿ. ಪಾದದಿಂದ ಆ ಚುಕ್ಕಿಗೆ ಎಳೆದ ಗೆರೆಯೇ ನೆರಳಿನ ಬೆನ್ನೆಲುಬು.

ನೆಲದಲ್ಲಿ ಟೈಲ್ಸ್ ಇಲ್ಲವೇ? ಗೈಡ್ ಪದರದಲ್ಲಿ ನೀವೇ ಪರ್ಸ್ಪೆಕ್ಟಿವ್ ಗ್ರಿಡ್ ಹಾಕಿಕೊಳ್ಳಿ. ಇಲ್ಲವೇ ನೇರ ಲೆಕ್ಕ ಮಾಡಿ:

```
s = f / (z + b)
x = x0 + a * s
y = yh + H * s
```

ಇದರಲ್ಲಿ a ಬಲಕ್ಕೆ ಎಷ್ಟು ಸೆಂ.ಮೀ., b ಹಿಂದಕ್ಕೆ ಎಷ್ಟು ಸೆಂ.ಮೀ. ಎಂಬುದು. H ಎಂದರೆ ಕ್ಯಾಮೆರಾ ಎತ್ತರ, z ಪಾತ್ರದವರೆಗಿನ ದೂರ, f ಪಿಕ್ಸೆಲ್‌ನಲ್ಲಿ ಲೆನ್ಸಿನ ಫೋಕಲ್ ಉದ್ದ, yh ದಿಗಂತ ರೇಖೆ, x0 ಪಾದದ ಅಡ್ಡ ಸ್ಥಾನ. ಇದು ಕ್ಯಾಮೆರಾ ಬಾಗದೆ ನೇರ ನೋಡುವ, ಪಾತ್ರ ಫ್ರೇಮಿನ ಅಡ್ಡ ನಡುವಿನಲ್ಲಿ ನಿಂತಿರುವ ಶಾಟ್‌ನ ಲೆಕ್ಕ. ನಮ್ಮ ಹುಡುಗಿ ಸೆಂ.ಮೀ.ಗೆ 4 ಪಿಕ್ಸೆಲ್ ಇದ್ದಾಳೆ. ಪಾದ ದಿಗಂತಕ್ಕಿಂತ 480 ಪಿಕ್ಸೆಲ್ ಕೆಳಗಿದೆ. ಆದ್ದರಿಂದ ಕ್ಯಾಮೆರಾ ಎತ್ತರ 120 ಸೆಂ.ಮೀ. ಫ್ರೇಮಿನ ಅಡ್ಡ ನೋಟ ಸುಮಾರು 54 ಡಿಗ್ರಿ ಎಂದುಕೊಂಡರೆ f 1884, z 471 ಸೆಂ.ಮೀ. ಆಗುತ್ತದೆ. ಉತ್ತರ: ನೆತ್ತಿಯ ನೆರಳು ಪಾದಕ್ಕಿಂತ 346 ಪಿಕ್ಸೆಲ್ ಬಲಕ್ಕೆ, ಬರೀ 88 ಪಿಕ್ಸೆಲ್ ಮೇಲಕ್ಕೆ.

ಆ 88ನ್ನು ಇನ್ನೊಮ್ಮೆ ನೋಡಿ. 600 ಪಿಕ್ಸೆಲ್ ಎತ್ತರದ ಪಾತ್ರದ ನೆರಳು ಪರದೆಯಲ್ಲಿ ಏರುವುದು ಇಷ್ಟೇ. ಅಂದಾಜಿನ ಮೇಲೆ ಮಾಡುವವರು ಸಾಮಾನ್ಯವಾಗಿ 250–300 ಪಿಕ್ಸೆಲ್ ಏರಿಸಿಬಿಡುತ್ತಾರೆ. ಆಗ ನೆರಳು ಮಲಗದೆ ಇಳಿಜಾರಿಗೆ ಒರಗಿದಂತೆ ಕಾಣುತ್ತದೆ, ನೆಲವೇ ಮೇಲೆದ್ದ ಹಾಗಿರುತ್ತದೆ.

ಸರಿ, ಈ ಅಳತೆಗೆ ನೆರಳನ್ನು ಮಲಗಿಸುವ ಕ್ರಮ ಏನು?

ಪಾತ್ರದ ಎಲ್ಲ ಪದರಗಳನ್ನು ಒಂದಾಗಿ ಸೇರಿಸಿದ ನಕಲು ಮಾಡಿ, ಅದಕ್ಕೆ ಒಂದೇ ಬಣ್ಣ ತುಂಬಿ, ಪಾತ್ರದ ಕೆಳಗಿನ ಪದರಕ್ಕೆ ತನ್ನಿ. ಆಫ್ಟರ್ ಇಫೆಕ್ಟ್ಸ್‌ನಲ್ಲಿ ಪಾತ್ರದ ಪ್ರೀಕಾಂಪ್‌ಗೆ Fill, ಆಮೇಲೆ Corner Pin. ಕ್ರಿಟಾದಲ್ಲಾದರೆ ಟ್ರಾನ್ಸ್‌ಫಾರ್ಮ್ ಟೂಲ್‌ನ Perspective. ಪಾತ್ರದ ಸುತ್ತ ಪಾದದಿಂದ ನೆತ್ತಿಯವರೆಗೆ ಸರಿಯಾಗಿ ಹೊಂದುವ ಆಯತ ಇರಲಿ. ಕೆಳಗೆ ಖಾಲಿ ಜಾಗ ಉಳಿದರೆ ಅಷ್ಟೂ ನೆರಳು ಪಾದದಿಂದ ಕಳಚಿಕೊಳ್ಳುತ್ತದೆ.

ಕೆಳಗಿನ ಎರಡು ಮೂಲೆಗಳನ್ನು ಮುಟ್ಟಬೇಡಿ. ಮೇಲಿನ ಎರಡನ್ನು ಹಿಡಿದು, ಅವುಗಳ ನಡುಬಿಂದು ಗುರುತಿಸಿದ ಚುಕ್ಕಿಗೆ ಬರುವಂತೆ ಕೂರಿಸಿ. ಹಿಂದೆ ಹೋದದ್ದು ಚಿಕ್ಕದಾಗಿ ಕಾಣಬೇಕಲ್ಲ, ಹಾಗಾಗಿ ಕೆಳಗಿನ ಅಂಚು 240 ಪಿಕ್ಸೆಲ್ ಇದ್ದರೆ ಮೇಲಿನದು ಸುಮಾರು 196ಕ್ಕೆ ಇಳಿಯಬೇಕು. ಬರೀ ಓರೆ ಮಾಡಿ ಚಪ್ಪಟೆ ಮಾಡಿದರೆ ಈ ಕಿರಿದಾಗುವಿಕೆ ಬರುವುದಿಲ್ಲ, ತಲೆಯ ನೆರಳು ದೊಡ್ಡದಾಗಿ ಕಾಣುತ್ತದೆ.

ಒಂದು ಕಾಲು ಮುಂದೆ, ಒಂದು ಹಿಂದೆ ಇದ್ದಾಗ ನೆರಳು ಒಂದು ಪಾದಕ್ಕೆ ಮಾತ್ರ ಅಂಟುತ್ತದೆ. ಇನ್ನೊಂದು?

ಚಿತ್ರದಲ್ಲಿ ಹಿಂದಿನ ಪಾದ 15 ಪಿಕ್ಸೆಲ್ ಮೇಲಿದೆ ಎನ್ನಿ. ಸಾಫ್ಟ್‌ವೇರಿಗೆ ಅದು ಹಿಂದಿರುವ ಪಾದ ಎಂದು ಗೊತ್ತಿಲ್ಲ. 15 ಪಿಕ್ಸೆಲ್ ಎತ್ತಿದ ಪಾದ ಎಂದೇ ತಿಳಿದು ನೆರಳನ್ನು ದೂರ ಒಯ್ಯುತ್ತದೆ. ನೆರಳಿನ ಕಾಲುಗಳನ್ನು ಸೊಂಟದಿಂದ ಕೆಳಗೆ ಬೇರೆ ಮಾಡಿ, ಪ್ರತಿ ಕಾಲಿನ ಬುಡವನ್ನೂ ಅದರದೇ ಪಾದಕ್ಕೆ ಕೂರಿಸಿ, ಎರಡೂ ಸೊಂಟದ ನೆರಳಿನಲ್ಲಿ ಸೇರುವಂತೆ ಎಳೆಯಿರಿ. ಕಟ್‌ಔಟ್ ರಿಗ್ ಇದ್ದರೆ ಇದು ಐದು ನಿಮಿಷದ ಕೆಲಸ. ಫ್ರೇಮ್ ಫ್ರೇಮ್ ಬರೆದ ಅನಿಮೇಷನ್ ಆದರೆ ಕಾಲುಗಳ ನೆರಳನ್ನು ಕೈಯಲ್ಲೇ ಬರೆಯುವುದು ವಾರ್ಪ್ ಜೊತೆ ಗುದ್ದಾಡುವುದಕ್ಕಿಂತ ಬೇಗ ಮುಗಿಯುತ್ತದೆ.

ಬೆಳಕು ನೇರ ಪಕ್ಕದಿಂದ ಬಂದಾಗ ಈ ವಿಧಾನ ಏಕೆ ಕೆಡುತ್ತದೆ?

ನಮ್ಮಲ್ಲಿರುವುದು ಕ್ಯಾಮೆರಾ ಕಂಡ ಆಕೃತಿ. ನೆರಳಿಗೆ ಬೇಕಾದದ್ದು ಬೆಳಕು ಕಂಡ ಆಕೃತಿ. ಬೆಳಕು ಕ್ಯಾಮೆರಾದ ಹತ್ತಿರದ ದಿಕ್ಕಿನಲ್ಲಿದ್ದರೆ ಎರಡೂ ಹೆಚ್ಚು ಕಡಿಮೆ ಒಂದೇ. 45 ಡಿಗ್ರಿಯವರೆಗೂ ಯಾರೂ ಗಮನಿಸುವುದಿಲ್ಲ. ಅದನ್ನು ಮೀರಿದ ಮೇಲೆ ನೆರಳು ಕೃಶವಾಗುತ್ತಾ ಹೋಗಿ, 90 ಡಿಗ್ರಿಗೆ ಗೆರೆಯಾಗಿಬಿಡುತ್ತದೆ, ಏಕೆಂದರೆ ಚಪ್ಪಟೆ ಚಿತ್ರವನ್ನು ಅಂಚಿನಿಂದ ನೋಡಿದರೆ ಏನೂ ಇಲ್ಲ. 3ಡಿ ಜಾಗದಲ್ಲಿ ಲೈಟ್ ಇಟ್ಟು ಲೇಯರಿನಿಂದ ನೆರಳು ಬೀಳಿಸಿದರೂ ಇದೇ ಗತಿ.

ಆಗ ಪಾತ್ರದ ಪಕ್ಕನೋಟದ ಸರಳ ಕಪ್ಪು ಆಕೃತಿಯೊಂದನ್ನು ಬೇರೆಯಾಗಿ ಬರೆದು ಅದನ್ನು ಮಲಗಿಸಬೇಕು. ಕಣ್ಣು ಮೂಗು ಬೇಡ. ತಲೆ, ಜಡೆ, ಮುಂಡ, ಕಾಲು ಗುರುತಾದರೆ ಸಾಕು. ಟರ್ನ್‌ಅರೌಂಡ್ ಶೀಟ್‌ನಲ್ಲಿ ಪಕ್ಕನೋಟ ಹೇಗೂ ಇರುತ್ತದೆ.

ನೆರಳಿಗೆ ಯಾವ ಬಣ್ಣ? ಕಪ್ಪು ಹಾಕಿ ಅಪಾಸಿಟಿ ಇಳಿಸಿದರೆ ತಪ್ಪೇ?

ತಪ್ಪಲ್ಲ, ಆದರೆ ಸಪ್ಪೆ. ಬಿಸಿಲು ತಡೆದ ಜಾಗಕ್ಕೂ ಆಕಾಶದ ನೀಲಿ ಬೆಳಕು ಬೀಳುತ್ತಲೇ ಇರುತ್ತದೆ. ಅದಕ್ಕೇ ಹೊರಗಿನ ನೆರಳಿನಲ್ಲಿ ಕೆಂಪು ಹೆಚ್ಚು ಕುಗ್ಗಿ ನೀಲಿ ಕಡಿಮೆ ಕುಗ್ಗುತ್ತದೆ.

ಬಣ್ಣವನ್ನು ಊಹಿಸುವ ಅಗತ್ಯವಿಲ್ಲ, ಹಿನ್ನೆಲೆಯಲ್ಲೇ ಉತ್ತರವಿದೆ. ವರಾಂಡದ ಕಂಬದ ನೆರಳನ್ನು ಹಿನ್ನೆಲೆ ಕಲಾವಿದರು ಆಗಲೇ ಬರೆದಿರುತ್ತಾರೆ. ಐಡ್ರಾಪರ್‌ನಿಂದ ಬಿಸಿಲಿನ ಟೈಲ್ಸ್ ತೆಗೆದುಕೊಳ್ಳಿ: 212, 200, 178 ಬಂತು. ನೆರಳಿನಲ್ಲಿರುವ ಅದೇ ಬಗೆಯ ಟೈಲ್ಸ್: 128, 126, 122. ನೆರಳಿನ ಸಂಖ್ಯೆಯನ್ನು ಬಿಸಿಲಿನ ಸಂಖ್ಯೆಯಿಂದ ಭಾಗಿಸಿ 255ರಿಂದ ಗುಣಿಸಿದರೆ 154, 161, 175. ಈ ಬಣ್ಣವನ್ನು ತುಂಬಿ, ಬ್ಲೆಂಡ್ ಮೋಡ್ Multiply, ಅಪಾಸಿಟಿ 100% ಇಡಿ. ಪಾತ್ರದ ನೆರಳು ಕಂಬದ ನೆರಳಿಗೆ ಸರಿಸಮ ಕೂರುತ್ತದೆ.

ಕಡು ಬೂದು ಬಣ್ಣವನ್ನು Normal ಮೋಡ್‌ನಲ್ಲಿ ಹಾಕುವುದು ಮಾತ್ರ ಬೇಡ. 90, 90, 90 ಬೂದುಬಣ್ಣ 50% ಇದ್ದರೆ ಟೈಲ್ಸ್ ಕಪ್ಪಾಗುತ್ತದೆ ನಿಜ, ಆದರೆ ಸಂದಿಯ ಕಡು ಗ್ರೌಟ್ ಗೆರೆ 70ರಿಂದ 80ಕ್ಕೆ ಏರಿ ಬೆಳ್ಳಗಾಗುತ್ತದೆ. ನೆರಳಿನೊಳಗೆ ನೆಲದ ವಿವರ ಮಬ್ಬಾಗಿ, ಟೈಲ್ಸ್ ಮೇಲೆ ಹೊಗೆ ಹರಡಿದಂತೆ ಕಾಣಿಸಿದರೆ ಕಾರಣ ಇದೇ.

ನೆರಳಿನ ಮೇಲೆ ನೆರಳು ಬಿದ್ದಲ್ಲಿ ಕಪ್ಪು ಹೆಚ್ಚಾಗುತ್ತಿದೆ. ಅದು ಸರಿಯೇ?

ಒಂದೇ ಬೆಳಕಿನ ಎರಡು ಕಾಸ್ಟ್ ನೆರಳು ಸೇರಿದರೆ ಕತ್ತಲೆ ಹೆಚ್ಚಾಗಬಾರದು. ಕಂಬ ಆಗಲೇ ತಡೆದ ಬಿಸಿಲನ್ನು ಹುಡುಗಿ ಮತ್ತೊಮ್ಮೆ ತಡೆಯಲಾರಳು. ಎಲ್ಲ ಕಾಸ್ಟ್ ನೆರಳುಗಳನ್ನೂ ಒಂದೇ ಬಣ್ಣದಲ್ಲಿ, Normal ಮೋಡ್‌ನಲ್ಲಿ ಒಂದು ಗ್ರೂಪಿಗೆ ಅಥವಾ ಪ್ರೀಕಾಂಪ್‌ಗೆ ಹಾಕಿ, Multiply ಅನ್ನು ಆ ಗ್ರೂಪಿಗೆ ಮಾತ್ರ ಕೊಡಿ. ಇದಕ್ಕೆ ಹಿನ್ನೆಲೆಯ ನೆರಳು ಬೇರೆ ಪದರದಲ್ಲಿ ಬರಬೇಕು. ಹಿನ್ನೆಲೆ ಕಲಾವಿದರನ್ನು ಮೊದಲೇ ಕೇಳಿಕೊಳ್ಳಿ. ಆಗಲೇ ಒಂದಾಗಿ ಸೇರಿಹೋಗಿದ್ದರೆ, ಕಂಬದ ನೆರಳಿನ ಆಕಾರಕ್ಕೆ ಮಾಸ್ಕ್ ಮಾಡಿ ಅಷ್ಟು ಭಾಗದಲ್ಲಿ ಹುಡುಗಿಯ ನೆರಳನ್ನು ಕಳೆಯಿರಿ.

ಕಾಂಟ್ಯಾಕ್ಟ್ ನೆರಳು ಈ ಗ್ರೂಪಿನ ಹೊರಗೆ, ತನ್ನದೇ Multiply ಪದರದಲ್ಲಿ ಇರಲಿ. ಅದು ಸುತ್ತಲಿನ ಬೆಳಕನ್ನು ತಡೆಯುವಂಥದ್ದಾದ್ದರಿಂದ ಕಾಸ್ಟ್ ನೆರಳಿನೊಳಗೂ ಕಪ್ಪು ಹೆಚ್ಚಿಸುವುದು ಸರಿ. ಹುಡುಗಿ ಪೂರ್ತಿ ಕಂಬದ ನೆರಳಿಗೆ ನಡೆದುಹೋದರೆ ಅವಳ ಕಾಸ್ಟ್ ನೆರಳು ಮಾಯವಾಗುತ್ತದೆ, ಕಾಂಟ್ಯಾಕ್ಟ್ ನೆರಳು ಉಳಿಯುತ್ತದೆ.

ಅಂಚನ್ನು ಎಷ್ಟು ಮಸುಕು ಮಾಡಬೇಕು? ತುದಿಗೆ ಹೋಗುತ್ತಾ ನೆರಳು ಕರಗಬೇಕೇ?

ಪಾದದ ಬಳಿ ಚೂಪು, ತಲೆಯ ಕಡೆ ಮೆದು. ನೆರಳು ಮಾಡುವ ಅಂಗ ನೆಲದಿಂದ ದೂರವಾದಷ್ಟೂ ಅಂಚು ಹರಡುತ್ತದೆ. ಬಿಸಿಲಿನಲ್ಲಿ ಆ ಹರಡುವಿಕೆ ದೂರದ ಸುಮಾರು ನೂರನೇ ಒಂದು ಭಾಗ, ಏಕೆಂದರೆ ಆಕಾಶದಲ್ಲಿ ಸೂರ್ಯನ ಅಗಲ ಅರ್ಧ ಡಿಗ್ರಿ ಮಾತ್ರ. ನಮ್ಮ ಹುಡುಗಿಯ ನೆತ್ತಿಯಿಂದ ಅದರ ನೆರಳಿಗೆ 212 ಸೆಂ.ಮೀ.; ಅಂಚು 2 ಸೆಂ.ಮೀ. ಹರಡುತ್ತದೆ, ಪರದೆಯಲ್ಲಿ 6–7 ಪಿಕ್ಸೆಲ್. ಅದೇ ದೂರಕ್ಕೆ, ತಲೆಯಿಂದ ಎರಡೂವರೆ ಮೀಟರ್ ಆಚೆಗಿರುವ 6 ಸೆಂ.ಮೀ. ದುಂಡು ಬಲ್ಬ್ ಆದರೆ ಅಂಚು 5 ಸೆಂ.ಮೀ. ಹರಡುತ್ತದೆ.

ಇಡೀ ನೆರಳಿಗೆ ಒಂದೇ Gaussian Blur ಹಾಕಿದರೆ ಪಾದದ ಬುಡವೂ ಮಸುಕಾಗಿ ಪಾತ್ರ ಮತ್ತೆ ತೇಲುತ್ತದೆ. ನೆರಳಿನ ಎರಡು ಪ್ರತಿ ಮಾಡಿ: ಒಂದಕ್ಕೆ 1 ಪಿಕ್ಸೆಲ್, ಇನ್ನೊಂದಕ್ಕೆ 7 ಪಿಕ್ಸೆಲ್ ಮಸುಕು. ಪಾದದಿಂದ ತಲೆಯ ಕಡೆಗೆ ಗ್ರೇಡಿಯಂಟ್ ಮಾಸ್ಕ್ ಹಾಕಿ ಒಂದರಿಂದ ಇನ್ನೊಂದಕ್ಕೆ ಜಾರಿಸಿ. ಮಸುಕನ್ನು ಮಲಗಿಸಿದ ನಂತರ ಹಾಕಿ. ಮೊದಲೇ ಹಾಕಿದರೆ ಅದೂ ಚಪ್ಪಟೆಯಾಗುತ್ತದೆ.

ಕರಗುವ ವಿಷಯ: ಬಿಸಿಲಿನ ನೆರಳು ಒಂದೂವರೆ ಮೀಟರ್ ಉದ್ದಕ್ಕೆ ಕರಗುವುದಿಲ್ಲ. ಅಂಚು ಮೆದುವಾಗುತ್ತದೆ, ನಡುಭಾಗದ ಗಾಢತೆ ಹಾಗೇ ಇರುತ್ತದೆ. ತುದಿಯನ್ನು ಪಾರದರ್ಶಕ ಮಾಡುವುದು ಒಂದು ಶೈಲಿ, ಬೇಕಾದರೆ ಮಾಡಿ. ಆದರೆ ಪಕ್ಕದಲ್ಲೇ ಕಂಬದ ನೆರಳು ತುದಿಯವರೆಗೂ ಗಟ್ಟಿಯಾಗಿದ್ದರೆ ಎರಡೂ ಬೇರೆ ಬೇರೆ ಜಗತ್ತಿನವು ಎಂದು ಗೊತ್ತಾಗಿಬಿಡುತ್ತದೆ.

ನೆರಳಿನ ದಾರಿಯಲ್ಲಿ ಗೋಡೆ ಬಂದರೆ?

ಗೋಡೆಯ ಬುಡದಲ್ಲಿ ಮುರಿದು ಮೇಲೇರಬೇಕು. ನಮ್ಮ ದೃಶ್ಯದಲ್ಲಿ ಗೋಡೆ ಪಾದಕ್ಕಿಂತ 60 ಸೆಂ.ಮೀ. ಹಿಂದಿದೆ ಎನ್ನಿ, ಒಂದು ಟೈಲ್ಸ್. ಓರೆ ದಾರಿಯಲ್ಲಿ ಅಲ್ಲಿಗೆ ತಲುಪಲು ನೆರಳು ನೆಲದ ಮೇಲೆ 85 ಸೆಂ.ಮೀ. ಸಾಗಬೇಕು. ಆದ್ದರಿಂದ ದೇಹದ ಕೆಳಗಿನ 85 ಸೆಂ.ಮೀ. ನೆರಳು ನೆಲದ ಮೇಲೆ, ಉಳಿದ 65 ಗೋಡೆಯ ಮೇಲೆ. ಕ್ಯಾಮೆರಾಕ್ಕೆ ನೇರ ಎದುರಿರುವ ಗೋಡೆಯಾದರೆ ಮೇಲಿನ ಭಾಗವನ್ನು ಓರೆ ಮಾಡಬೇಡಿ. ನೆಟ್ಟಗಿರುವ ಅಂಚಿನ ನೆರಳು ನೆಟ್ಟಗಿರುವ ಗೋಡೆಯ ಮೇಲೆ ನೆಟ್ಟಗೇ ಬೀಳುತ್ತದೆ. ಮೂಲ ಆಕೃತಿಯ ಮೇಲಿನ ಭಾಗವನ್ನು ಕತ್ತರಿಸಿ, ಹಿಂದಿರುವುದಕ್ಕೆ ತಕ್ಕಂತೆ 89%ಗೆ ಕುಗ್ಗಿಸಿ, ಮುರಿದ ಗೆರೆಗೆ ಸೇರಿಸಿದರೆ ಆಯಿತು.

ಪಾತ್ರ ನೆಗೆದಾಗ ನೆರಳನ್ನು ಚಿಕ್ಕದು ಮಾಡಿ ಪಾದದ ಕೆಳಗೇ ಬಿಟ್ಟರೆ ಸಾಕೇ?

ಬೆಳಕು ನೆತ್ತಿಯ ಮೇಲಿದ್ದರೆ ನೆರಳು ಕೆಳಗೇ ಉಳಿಯುತ್ತದೆ. ಓರೆ ಬಿಸಿಲಿನಲ್ಲಿ ಉಳಿಯುವುದಿಲ್ಲ. 50 ಸೆಂ.ಮೀ. ನೆಗೆದರೆ ಇಡೀ ಕಾಸ್ಟ್ ನೆರಳು ಬೆಳಕಿನ ವಿರುದ್ಧ ದಿಕ್ಕಿಗೆ ನೆಲದ ಮೇಲೆ 50 ಸೆಂ.ಮೀ. ಸರಿಯುತ್ತದೆ, ನಮ್ಮ ಶಾಟ್‌ನಲ್ಲಿ ಪಾದದ ನೆರಳು ಸುಮಾರು 130 ಪಿಕ್ಸೆಲ್ ಬಲಕ್ಕೆ, 33 ಪಿಕ್ಸೆಲ್ ಮೇಲಕ್ಕೆ. ಇಳಿಯುವಾಗ ಪಾದವೂ ನೆರಳೂ ಒಂದೇ ಫ್ರೇಮಿನಲ್ಲಿ ಕೂಡಬೇಕು. ಒಂದು ಫ್ರೇಮ್ ತಡವಾದರೂ ಪಾದ ನೆಲದೊಳಗೆ ಇಳಿದಂತೆ ಅಥವಾ ಜಾರಿದಂತೆ ಅನಿಸುತ್ತದೆ.

ಕಾಂಟ್ಯಾಕ್ಟ್ ನೆರಳು ಅದೇ ಜಾಗದಲ್ಲಿ ಬಹಳ ಬೇಗ ಅಳಿಯುತ್ತದೆ. ಪಾದ ತನ್ನ ಅಗಲದಷ್ಟು ಮೇಲೆದ್ದಾಗ ಅದು ಪೂರ್ತಿ ಹೋಗಿರಲಿ. ಸೆಕೆಂಡಿಗೆ 24 ಫ್ರೇಮ್‌ನಲ್ಲಿ ಇದು ಹೆಚ್ಚೆಂದರೆ ಎರಡು ಫ್ರೇಮ್. ನಡಿಗೆಗೂ ಇದೇ ನಿಯಮ: ಪಾದ ಎತ್ತಿದ ಮೇಲೂ ಉಳಿದ ಕಾಂಟ್ಯಾಕ್ಟ್ ನೆರಳು ನೆಲಕ್ಕೆ ಅಂಟಿದ ಕೊಳೆಯಂತೆ ಕಾಣುತ್ತದೆ. ಪಾತ್ರವನ್ನು ಎರಡೆರಡು ಫ್ರೇಮ್‌ಗೆ ಒಂದು ಚಿತ್ರದಂತೆ ಬರೆದಿದ್ದರೆ ನೆರಳೂ ಹಾಗೇ ಇರಲಿ. ನೆರಳು ಮಾತ್ರ ಪ್ರತಿ ಫ್ರೇಮ್ ಚಲಿಸಿದರೆ ಪಾದದ ಬಳಿ ನಡುಗುತ್ತದೆ.

ಕೋಣೆಯೊಳಗೆ ಒಂದೇ ಬಲ್ಬ್ ಇದ್ದಾಗ ನಡಿಗೆಯುದ್ದಕ್ಕೂ ನೆರಳು ಒಂದೇ ಉದ್ದ ಇರಬಹುದೇ?

ಇರಬಾರದು. ಬಿಸಿಲಿನಲ್ಲಿ ಎಲ್ಲಿ ನಿಂತರೂ ನೆರಳಿನ ಉದ್ದ ಒಂದೇ. ಹತ್ತಿರದ ಬಲ್ಬಿಗೆ ಹಾಗಲ್ಲ. 240 ಸೆಂ.ಮೀ. ಎತ್ತರದ ಬಲ್ಬಿನ ಕೆಳಗಿನ ಬಿಂದುವಿನಿಂದ ಹುಡುಗಿ 90 ಸೆಂ.ಮೀ. ದೂರದಲ್ಲಿದ್ದರೆ ನೆರಳು 150 ಸೆಂ.ಮೀ., 180ಕ್ಕೆ ಹೋದರೆ 300. ದಿಕ್ಕು ಯಾವಾಗಲೂ ಆ ಬಿಂದುವಿನಿಂದ ಹೊರಕ್ಕೆ. ನೆಲದ ಮೇಲೆ ಆ ಬಿಂದುವನ್ನು ಗೈಡ್ ಪದರದಲ್ಲಿ ಗುರುತಿಸಿ, ನಡಿಗೆಯ ಮೊದಲ, ನಡುವಿನ, ಕೊನೆಯ ಸ್ಥಾನಗಳಿಗೆ ನೆರಳನ್ನು ಲೆಕ್ಕ ಹಾಕಿ ಕೀಫ್ರೇಮ್ ಇಟ್ಟರೆ ನಡುವಿನವು ಬಹುಪಾಲು ಸರಿಬರುತ್ತವೆ. ಬಲ್ಬಿನ ಕೆಳಗೇ ಹಾದುಹೋಗುವ ನಡಿಗೆಯಾದರೆ ಅಲ್ಲಿ ಇನ್ನೊಂದೆರಡು ಕೀ ಸೇರಿಸಿ, ನೆರಳು ದಿಕ್ಕು ತಿರುಗುವುದು ಅಲ್ಲಿಯೇ.

ರೆಂಡರ್ ಆದ ಮೇಲೆ ಮೆದುವಾದ ಅಂಚಿನಲ್ಲಿ ಪಟ್ಟೆ ಪಟ್ಟೆ ಕಾಣುತ್ತಿದೆ.

8 ಬಿಟ್‌ನಲ್ಲಿ ಒಂದೇ ಬಣ್ಣದ ನೆಲದ ಮೇಲೆ ಅಗಲವಾದ ಗ್ರೇಡಿಯಂಟ್ ಬಂದಾಗ ಮೆಟ್ಟಿಲುಗಳು ಕಾಣುತ್ತವೆ. ಪ್ರಾಜೆಕ್ಟನ್ನು 16 ಬಿಟ್‌ಗೆ ಬದಲಿಸಿ, ನೆರಳಿನ ಮೇಲೆ 1–2% ನಾಯ್ಸ್ ಹಾಕಿ. ವಿಡಿಯೊ ಕಂಪ್ರೆಷನ್ ಈ ನಾಯ್ಸನ್ನು ಸ್ವಲ್ಪ ತಿಂದುಹಾಕುತ್ತದೆ, ಹಾಗಾಗಿ ಬಿಟ್‌ರೇಟ್ ತೀರಾ ಇಳಿಸಬೇಡಿ. ಟೈಲ್ಸ್‌ಗೆ ಒಂದಿಷ್ಟು ಟೆಕ್ಸ್ಚರ್ ಇದ್ದರೆ ಈ ತೊಂದರೆ ಕಾಣಿಸಿಕೊಳ್ಳುವುದೇ ಕಡಿಮೆ.